ಇಪ್ಪತ್ತು ದಿನಗಳ ರಜೆ: ಊರಿಗೋ, ಪ್ರವಾಸಕ್ಕೋ?

ದಂಪತಿಯ ಒಪ್ಪಿಗೆ ಪಡೆದು, ಗುರುತು ತಿಳಿಯದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಇಬ್ಬರೂ ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾರೆ; ಪತಿಯ ಊರು ತೀರ್ಥಹಳ್ಳಿಯ ಸಮೀಪ, ಪತ್ನಿಯ ತವರು ಗದಗ ಜಿಲ್ಲೆಯಲ್ಲಿ. ಅಲ್ಲಿನ ಕಾನೂನಿನಂತೆ ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 28 ದಿನಗಳ ಸಂಬಳಸಹಿತ ರಜೆ ಸಿಗುತ್ತದೆಯಾದರೂ, ಇವರ ಸಂಸ್ಥೆಗಳು 8 ಸಾರ್ವಜನಿಕ ರಜೆಗಳನ್ನೂ ಅದರಲ್ಲೇ ಸೇರಿಸುವುದರಿಂದ ಕೈಗೆ ಉಳಿಯುವುದು 20 ದಿನ. ಮದುವೆಯಾದಂದಿನಿಂದ ಅವೆಲ್ಲವೂ ಊರಿಗೇ ಸಲ್ಲುತ್ತಿದ್ದವು. ಈ ವರ್ಷ ಸ್ಕಾಟ್ಲೆಂಡ್ ನೋಡಿ ಬರೋಣವೆಂದು ಪತ್ನಿ ಕೇಳಿದಾಗ, "ಅಪ್ಪ ಅಮ್ಮನಿಗಿಂತ ಗುಡ್ಡ ನೋಡುವುದೇ ಹೆಚ್ಚಾಯಿತೇ?" ಎಂದು ಪತಿ ಆಡಿದ ಮಾತು ಜಗಳಕ್ಕೆ ಕಾರಣವಾಯಿತು.

ಕಳೆದ ಸಲ ಊರಿನಲ್ಲಿ ಒಂದೊಂದು ದಿನವೂ ಹೇಗೆ ಕಳೆಯಿತೆಂದು ಇಬ್ಬರೂ ಬೇರೆ ಬೇರೆಯಾಗಿ ಬರೆದು ತರುವಂತೆ ಸೂಚಿಸಿದೆ. ಪತಿಯ ಹಾಳೆಯಲ್ಲಿ ಅಡಿಕೆ ತೋಟ, ಗೆಳೆಯರು, ಮಧ್ಯಾಹ್ನದ ನಿದ್ದೆ ಇದ್ದವು. ಪತ್ನಿಯ ಹಾಳೆಯಲ್ಲಿದ್ದದ್ದು ಬಂದ ನೆಂಟರಿಗೆ ಅಡುಗೆ, ಊಟಕ್ಕೆ ಕರೆದವರ ಮನೆಗಳು, ಕೊನೆಯಲ್ಲಿ ತವರಿನಲ್ಲಿ ಮೂರು ರಾತ್ರಿ. ಆಕೆ ಬೇಸತ್ತದ್ದು ಊರಿನಿಂದಲ್ಲ, ರಜೆಯಲ್ಲಿ ತನಗೆ ಒಂದು ದಿನವೂ ಬಿಡುವಿಲ್ಲದ್ದರಿಂದ ಎಂಬುದು ಪತಿಗೆ ಅರ್ಥವಾದದ್ದು ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗಲೇ.

ಅನಂತರ ಲೆಕ್ಕಕ್ಕೆ ಕುಳಿತೆವು. ಈಸ್ಟರಿನ ಶುಕ್ರವಾರ ಮತ್ತು ಸೋಮವಾರ ಅಲ್ಲಿ ಸಾರ್ವಜನಿಕ ರಜೆಯಾದ್ದರಿಂದ, ಅವುಗಳ ಹಿಂದೆ ನಾಲ್ಕು, ಮುಂದೆ ನಾಲ್ಕು ದಿನ ರಜೆ ಹಾಕಿದರೆ ವಾರಾಂತ್ಯಗಳೂ ಸೇರಿ 16 ದಿನಗಳಾಗುತ್ತವೆ. ಶಾಲೆಗೆ ಹೋಗುವ ಮಕ್ಕಳಿರುವ ಸಹೋದ್ಯೋಗಿಗಳೂ ಆ ವಾರಗಳನ್ನೇ ಕೇಳುವುದರಿಂದ ಅರ್ಜಿಯನ್ನು ಬಹಳ ಮುಂಚೆ ಕೊಡಬೇಕು. ವಿಮಾನದ ದರವೂ ಆಗ ಏರುತ್ತದೆ. ಹೀಗೆ ಊರಿಗೆ 8, ಮರಳಿದ ಮೇಲೆ ವಿಶ್ರಾಂತಿಗೆ 2, ಸ್ಕಾಟ್ಲೆಂಡಿಗೆ 5 ಎಂದು ಹಂಚಿ, ಉಳಿದ 5 ದಿನಗಳನ್ನು ಹಿರಿಯರ ಅನಾರೋಗ್ಯದ ಕರೆಗಾಗಿ ಕಾಯ್ದಿಡಲು ಹೇಳಿದೆ. ಊರಿಗೆ ಹೋದಾಗ ಮೊದಲು ಗದಗಿಗೆ ಹೋಗಬೇಕೆಂಬುದು ನನ್ನ ಒತ್ತಾಯ, ಏಕೆಂದರೆ ಕೊನೆಗೆ ಇಟ್ಟ ದಿನಗಳನ್ನೇ ನೆಂಟರು ಕಿತ್ತುಕೊಳ್ಳುತ್ತಾರೆ.

ಸ್ಕಾಟ್ಲೆಂಡಿಗೆ ಹೋಗುವ ವಿಷಯವನ್ನು ಮುಚ್ಚಿಟ್ಟು, "ಹೆಚ್ಚು ರಜೆ ಸಿಗಲಿಲ್ಲ" ಎಂದು ತಾಯಿಗೆ ಹೇಳುವ ಯೋಚನೆ ಪತಿಗಿತ್ತು. ಅದನ್ನು ನಾನು ಒಪ್ಪಲಿಲ್ಲ. ವಾಟ್ಸಾಪಿನಲ್ಲಿ ಯಾರಾದರೂ ಒಂದು ಚಿತ್ರ ತೋರಿಸಿದರೆ ಸಾಕು, ಸುಳ್ಳು ಮಗನದಾದರೂ ದೂರು ಸೊಸೆಯ ಮೇಲೆ ಬರುತ್ತದೆ. ನಿಜಕ್ಕೂ ರಜೆ ಸಿಗದ ವರ್ಷದಲ್ಲಿ ಅವರ ಮಾತನ್ನು ಯಾರೂ ನಂಬುವುದಿಲ್ಲ. ಟಿಕೆಟ್ ತೆಗೆಯುವ ಮುನ್ನವೇ ಪತಿಯೇ ಫೋನ್ ಮಾಡಿ, ಇದು ತಮ್ಮಿಬ್ಬರ ತೀರ್ಮಾನವೆಂದು ತಿಳಿಸಿ, ಊರಿಗೆ ಬರುವ ದಿನಾಂಕವನ್ನೂ ಅದೇ ಮಾತಿನಲ್ಲಿ ಹೇಳಬೇಕೆಂದೆ. ಅವರು ಹಾಗೆಯೇ ಮಾಡಿದರು. ತಾಯಿ ಎರಡು ದಿನ ಸರಿಯಾಗಿ ಮಾತನಾಡಲಿಲ್ಲ, ಆಮೇಲೆ ದಿನಾಂಕವನ್ನು ಮತ್ತೆ ಕೇಳಿ ಬರೆದುಕೊಂಡರಂತೆ.

ಪತಿಯ ತಂದೆಯವರ ಮಂಡಿಯ ಶಸ್ತ್ರಚಿಕಿತ್ಸೆ ನಿಗದಿಯಾದರೆ ಕಾಯ್ದಿಟ್ಟ ದಿನಗಳು ಸಾಲುವುದಿಲ್ಲ. ಆಗ ಪ್ರವಾಸವನ್ನು ಬಿಟ್ಟು, ಪತಿ ಮೊದಲು ಹೋಗಿ ಅವರು ಮರಳುವ ಹೊತ್ತಿಗೆ ಪತ್ನಿ ಹೋಗುವುದೆಂದು ಇಬ್ಬರೂ ಈಗಲೇ ಒಪ್ಪಿಕೊಂಡಿದ್ದಾರೆ.