ಐಫೋನ್ ಎಚ್‌ಡಿಆರ್ ವಿಡಿಯೊ ಎಡಿಟ್ ಆದಮೇಲೆ ಪೇಲವ ಯಾಕೆ?

ಪ್ರಶ್ನೆ: ಮೈಸೂರು ಅರಮನೆ ದೀಪಾಲಂಕಾರ ಫೋನಲ್ಲಿ ಚೆನ್ನಾಗಿದೆ. ಡಾವಿಂಚಿ ರಿಸಾಲ್ವ್‌ಗೆ ಹಾಕಿದರೆ ಬಣ್ಣ ಮಾಸಿದ ಹಾಗಿದೆ. ಯಾಕೆ?

ಬಣ್ಣ ಎಲ್ಲೂ ಹೋಗಿಲ್ಲ, ಅದನ್ನು ಓದುವ ಲೆಕ್ಕ ತಪ್ಪಿದೆ. ಐಫೋನ್ ಎಚ್‌ಡಿಆರ್ ವಿಡಿಯೊವನ್ನು ಎಚ್‌ಎಲ್‌ಜಿ ಎಂಬ ರೀತಿಯಲ್ಲಿ, ರೆಕ್.2020 ಎಂಬ ದೊಡ್ಡ ಬಣ್ಣದ ಹರವಿನಲ್ಲಿ ಬರೆಯುತ್ತದೆ. ನಿಮ್ಮ ಟೈಮ್‌ಲೈನ್ ಬಹುಶಃ ಮಾಮೂಲಿ ರೆಕ್.709 ಎಂಬ ಚಿಕ್ಕ ಹರವಿನಲ್ಲಿದೆ. ಫೋನ್ ಬರೆದ ಬಣ್ಣದ ಅಂಕಿಗಳನ್ನೇ ಅದು ಚಿಕ್ಕ ಹರವಿನವು ಅಂತ ಓದುತ್ತದೆ. ಬಂಗಾರದ ಬೆಳಕಿಗೆ ಬೂದಿ ಬಳಿದಂತಾಗುವುದು ಇದಕ್ಕೇ.

ಸುಮ್ನೆ ಸ್ಯಾಚುರೇಶನ್ ಜಾಸ್ತಿ ಮಾಡಬೇಡಿ, ಜನರ ಮುಖದ ಬಣ್ಣ ಕೆಡುತ್ತದೆ. ಮೊದಲ ನೋಡ್‌ಗೆ `Color Space Transform` ಹಾಕಿ. ಇನ್‌ಪುಟ್ `Rec.2020`, ಗಾಮಾ `Rec.2100 HLG`. ಔಟ್‌ಪುಟ್ `Rec.709`, `Gamma 2.4`. ಟೋನ್ ಮ್ಯಾಪಿಂಗ್ ಆನ್ ಇರಲಿ, ಇಲ್ಲದಿದ್ದರೆ ಬಲ್ಬುಗಳೆಲ್ಲ ಬರೀ ಬಿಳಿ ಚುಕ್ಕೆ. ಪ್ರಾಜೆಕ್ಟ್‌ನಲ್ಲೇ ಕಲರ್ ಮ್ಯಾನೇಜ್‌ಮೆಂಟ್ ಆನ್ ಇದ್ದರೆ ಮಾತ್ರ ಇದನ್ನು ಹಾಕಬೇಡಿ, ಎರಡು ಸಲ ಬದಲಾಗುತ್ತದೆ.