ಸಹಿ ಇಲ್ಲದ ಪುಟ ಎಷ್ಟು? ಒಮ್ಮೆ 19, ಇನ್ನೊಮ್ಮೆ 27!

ಪ್ರಶ್ನೆ: ನಾನು ಕುಮಟಾದಲ್ಲಿ ಒಬ್ಬ ಗುತ್ತಿಗೆದಾರರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಗಜನಿ ಒಡ್ಡಿನ ಕಾಮಗಾರಿಯ ಕಡತ ಸ್ಕ್ಯಾನ್ ಆಗಿ ಬಂದಿದೆ, 214 ಪುಟ. ಮಂಜೂರಾತಿ ಪುಟಗಳಲ್ಲಿ ಎಲ್ಲಿ ಸಹಿ ಇಲ್ಲ, ಎಲ್ಲಿ ಸೀಲಿಲ್ಲ, ಎಲ್ಲಿ ಇನಿಶಿಯಲ್ ಇಲ್ಲ ಅಂತ ಪಟ್ಟಿ ಮಾಡಿಕೊಡಲು ಹೇಳಿದ್ದಾರೆ. ಮೊದಲ ಸಲ ನೋಡಿದಾಗ 19 ಪುಟ ಸಿಕ್ಕವು, ಎರಡನೇ ಸಲ 27. ಯಾವುದನ್ನು ಕೊಡಲಿ?

ಉತ್ತರ: ಎರಡನ್ನೂ ಕೊಡಬೇಡಿ. ಇದು ನಿಮ್ಮ ಕಣ್ಣಿನ ತಪ್ಪಲ್ಲ. ಯಾವ ಪುಟದಲ್ಲಿ ಏನಿರಬೇಕು ಅಂತ ಮೊದಲೇ ಬರೆದುಕೊಳ್ಳದೆ ಹುಡುಕಲು ಹೊರಟರೆ ಪ್ರತಿ ಸಲವೂ ಬೇರೆ ಲೆಕ್ಕವೇ ಬರುತ್ತದೆ. ಬೆಳಿಗ್ಗೆ "ಇಲ್ಲಿ ಸೀಲು ಬೇಡ ಬಿಡು" ಅಂದುಕೊಂಡ ಪುಟವನ್ನೇ ಮಧ್ಯಾಹ್ನ "ಅಯ್ಯೋ, ಸೀಲಿಲ್ಲ" ಅಂತ ಬರೆದುಕೊಂಡಿರುತ್ತೀರಿ.

ಹಾಗಾಗಿ ಮೊದಲ ಕೆಲಸ ಸಹಿ ಹುಡುಕುವುದಲ್ಲ, ಪುಟಗಳನ್ನು ಗುಂಪು ಮಾಡುವುದು. ಕಾಮಗಾರಿ ಕಡತದಲ್ಲಿ ಸಾಮಾನ್ಯವಾಗಿ ಟಿಪ್ಪಣಿ ಹಾಳೆ, ಮಂಜೂರಾತಿ ಆದೇಶ, ಅಂದಾಜುಪಟ್ಟಿ, ನಕ್ಷೆ, ಅಳತೆ ಪುಸ್ತಕದ ಪುಟಗಳು ಇರುತ್ತವೆ. ಆದೇಶದ ಕೊನೆಯ ಪುಟದಲ್ಲಿ ಪೂರ್ತಿ ಸಹಿ ಮತ್ತು ಹುದ್ದೆಯ ಸೀಲು ಬೇಕು. ಅಂದಾಜುಪಟ್ಟಿಯ ಒಳಪುಟಗಳಿಗೆ ಬಹಳ ಕಡೆ ಇನಿಶಿಯಲ್ ಸಾಕು, ಸಾರಾಂಶದ ಪುಟಕ್ಕೆ ಸಹಿ ಮತ್ತು ಸೀಲು ಬೇಕು. ನಕ್ಷೆಯಲ್ಲಿ ಕೆಳಮೂಲೆಯ ಚೌಕದೊಳಗೆ ನೋಡಬೇಕು. ಆಫೀಸಿನಿಂದ ಆಫೀಸಿಗೆ ರೂಢಿ ಸ್ವಲ್ಪ ಬದಲಾಗುತ್ತದೆ. ಆದ್ದರಿಂದ ಈ ಗುಂಪಿನ ಹಾಳೆಯನ್ನು ಪಟ್ಟಿ ಕೇಳಿದವರಿಗೇ ಮೊದಲು ತೋರಿಸಿ, "ಇಷ್ಟೇ ಅಲ್ವಾ?" ಅಂತ ಕೇಳಿಬಿಡಿ. ಆಮೇಲೆ ನಡೆಯುವ ಜಗಳ ಅರ್ಧ ಕಡಿಮೆ.

ಇನಿಶಿಯಲ್ ವಿಷಯದಲ್ಲಿ ಒಂದು ಎಚ್ಚರ. ಅದರಲ್ಲಿ ಎರಡು ಬಗೆ. ಪುಟದ ಮೂಲೆಯಲ್ಲಿ ಹಾಕುವುದು ಒಂದು. ಅಂಕಿಯನ್ನು ಹೊಡೆದು ಹಾಕಿ ಪಕ್ಕದಲ್ಲಿ ಹೊಸ ಅಂಕಿ ಬರೆದಾಗ, ಆ ತಿದ್ದುಪಡಿಯ ಬಳಿ ದಿನಾಂಕದ ಜೊತೆ ಹಾಕುವುದು ಇನ್ನೊಂದು. ಅಳತೆ ಪುಸ್ತಕದಲ್ಲಿ ಈ ಎರಡನೆಯದೇ ಮುಖ್ಯ. ಮೂಲೆಯಲ್ಲಿ ಇನಿಶಿಯಲ್ ಇದೆ ಅಂತ ಪುಟ ತಿರುಗಿಸಿಬಿಟ್ಟರೆ, ಅದೇ ಪುಟದ ನಡುವೆ 4.50 ಅನ್ನು 5.40 ಮಾಡಿ ಯಾರೂ ಇನಿಶಿಯಲ್ ಹಾಕದೆ ಬಿಟ್ಟಿದ್ದು ತಪ್ಪಿಹೋಗುತ್ತದೆ. ನಿಮ್ಮ 19 ಮತ್ತು 27ರ ನಡುವಿನ ಎಂಟು ಪುಟಗಳಲ್ಲಿ ಇಂಥವೇ ಜಾಸ್ತಿ ಇರಬಹುದು ಅಂತ ನನ್ನ ಗುಮಾನಿ.

ಇನ್ನು ನೋಡುವ ರೀತಿ. ಒಂದೊಂದು ಪುಟದಲ್ಲಿ ಮೂರನ್ನೂ ಒಟ್ಟಿಗೆ ನೋಡಬೇಡಿ. 214 ಪುಟವನ್ನು ಮೂರು ಸುತ್ತು ನೋಡಿ. ಸೀಲಿನ ಸುತ್ತು ಬೇಗ ಮುಗಿಯುತ್ತದೆ. ಸ್ಕ್ಯಾನ್ ಬಣ್ಣದಲ್ಲಿದ್ದರೆ, ಪುಟಗಳನ್ನು ಚಿಕ್ಕ ಚಿತ್ರಗಳಾಗಿ ಸಾಲಾಗಿ ತೆರೆದಿಟ್ಟಾಗ ಸೀಲಿನ ನೇರಳೆ ಗುರುತು ಎದ್ದು ಕಾಣುತ್ತದೆ. ಸಹಿಯ ಸುತ್ತಿಗೆ ಪುಟ ಪರದೆ ತುಂಬ ಇರಲಿ. ಇನಿಶಿಯಲ್ ಸುತ್ತಿಗೆ ಇನ್ನೂ ದೊಡ್ಡದು ಮಾಡಿ, ಅಂಚು ಮತ್ತು ಅಂಕಿಯ ಕಾಲಂಗಳ ಮೇಲೆ ನಿಧಾನವಾಗಿ ಹೋಗಿ. ಈ ಸುತ್ತನ್ನು ಒಂದೇ ಸಲ ಕೂತು ಮುಗಿಸಲು ಹೋಗಬೇಡಿ. ನೂರು ಪುಟ ದಾಟಿದ ಮೇಲೆ ಕಣ್ಣು ಸುಮ್ನೆ "ಇದೆ, ಇದೆ" ಅನ್ನತೊಡಗುತ್ತದೆ.

ಬರೆದುಕೊಳ್ಳುವಾಗ "ಇದೆ", "ಇಲ್ಲ" ಎರಡೇ ಸಾಲದು. "ಬೇಡ" ಮತ್ತು "ಕಾಣುತ್ತಿಲ್ಲ" ಅಂತ ಇನ್ನೆರಡು ಬೇಕು. ಸ್ಕ್ಯಾನ್ ನೋಡಿ ನೇರವಾಗಿ "ಇಲ್ಲ" ಅಂತ ಬರೆಯುವ ಹಕ್ಕು ನಮಗಿಲ್ಲ. ಅಲ್ಲಿ ಬರೆಯಬಹುದಾದದ್ದು "ಕಾಣುತ್ತಿಲ್ಲ" ಮಾತ್ರ. ಮೂಲ ಹಾಳೆ ನೋಡಿದ ಮೇಲೆಯೇ ಅದು "ಇಲ್ಲ" ಆಗುವುದು.

ಇದನ್ನು ನಾನು ಕಲಿತದ್ದು ಶಿರಸಿ ಕಡೆಯ ಒಂದು ಕಟ್ಟಡದ ಕಡತದಲ್ಲಿ. 162 ಪುಟ ಇತ್ತು. ಸ್ಕ್ಯಾನ್ ನೋಡಿ 23 ಕೊರತೆ ಪಟ್ಟಿ ಮಾಡಿ, ಸೀದಾ ಕಳಿಸಿಬಿಟ್ಟೆ. ಮೂಲ ಕಡತ ತೆಗೆದು ನೋಡಿದರೆ ಅದರಲ್ಲಿ 9 ಕೊರತೆಗಳೇ ಅಲ್ಲ! ಐದು ಕಡೆ ಸೀಲು ಇತ್ತು. ಆದರೆ ಪ್ಯಾಡಿನ ಮಸಿ ಒಣಗಿ ತೆಳುವಾಗಿ ಬಿದ್ದಿತ್ತು, ಸ್ಕ್ಯಾನ್ ಮಾಡಿದವರು ಕಪ್ಪು-ಬಿಳುಪಿನಲ್ಲಿ ಇಟ್ಟಿದ್ದರಿಂದ ಅದು ಬಿಳಿಯಾಗಿಯೇ ಹೋಗಿತ್ತು. ಮೂರು ಇನಿಶಿಯಲ್ ಹಾಳೆಯ ತುದಿಯಲ್ಲಿದ್ದವು, ಯಂತ್ರ ಅಂಚನ್ನು ತಾನೇ ಕತ್ತರಿಸಿಕೊಂಡಿತ್ತು. ಇನ್ನೊಂದು ಸೀಲು ಹಾಳೆಯ ಹಿಂಬದಿಯಲ್ಲಿತ್ತು. ಖಾಲಿ ಪುಟ ಬಿಟ್ಟುಬಿಡುವ ಸೆಟ್ಟಿಂಗ್ ಹಾಕಿದ್ದರಿಂದ ಆ ಹಿಂಬದಿ ಸ್ಕ್ಯಾನಿನಲ್ಲಿ ಬಂದೇ ಇರಲಿಲ್ಲ. ನಿಜವಾದ ಕೊರತೆ ಉಳಿದದ್ದು 14. ಅವುಗಳಲ್ಲಿ 8 ತಿದ್ದುಪಡಿಯ ಬಳಿಯ ಇನಿಶಿಯಲ್, 4 ಸೀಲು, 2 ಪೂರ್ತಿ ಸಹಿ. ಆ ಒಂಬತ್ತಕ್ಕಾಗಿ ನಾನು ಕೇಳಿಸಿಕೊಂಡ ಮಾತು ಇಲ್ಲಿ ಬೇಡ.

ನಿಮ್ಮ ಸ್ಕ್ಯಾನಿನಲ್ಲೂ ಹೀಗಾಗಿದೆಯೇ ಅಂತ ತಿಳಿಯಲು ಕೆಲವು ಸುಳಿವುಗಳಿವೆ. ಸೀಲಿನ ಬಳೆಯ ಒಂದು ಚೂರು ಮಾತ್ರ ಕಂಡು ಉಳಿದದ್ದು ಮಾಯವಾಗಿದ್ದರೆ ಮಸಿ ಹಾರಿದೆ. ಅಕ್ಷರಗಳು ಹಾಳೆಯ ಅಂಚಿಗೇ ಅಂಟಿಕೊಂಡಿದ್ದರೆ ಅಂಚು ಕತ್ತರಿಸಿದೆ. ಇದಕ್ಕೆ ವಿರುದ್ಧವೂ ಉಂಟು. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವ ಹಿಡಿದ ಹಾಳೆಯಲ್ಲಿ ಹಿಂಬದಿಯ ಸೀಲು ಮುಂದಕ್ಕೆ ಇಳಿದು, ಇಲ್ಲದ ಸೀಲು ಇದ್ದಂತೆ ಕಾಣುತ್ತದೆ. ಅಕ್ಷರ ತಿರುಗುಮುರುಗಾಗಿದ್ದರೆ ಅದು ಹಿಂಬದಿಯದು. ಇಂಥ ಹಾಳೆಗಳು ಒಂದಕ್ಕೊಂದು ಅಂಟಿ ಎರಡೆರಡು ಒಟ್ಟಿಗೆ ಯಂತ್ರದೊಳಗೆ ಹೋಗುವುದೂ ಇದೆ. ಅದಕ್ಕೇ ಹಾಳೆಯ ಮೇಲೆ ಕೈಯಲ್ಲಿ ಬರೆದ ಪುಟಸಂಖ್ಯೆ 87ರಿಂದ 89ಕ್ಕೆ ಹಾರಿದೆಯೇ ನೋಡಿ. ಅನುಮಾನದ ಪುಟಗಳನ್ನು ಮಾತ್ರ ಬಣ್ಣದಲ್ಲಿ, 300 ಡಿಪಿಐನಲ್ಲಿ, ಎರಡೂ ಬದಿ ಮತ್ತೆ ಸ್ಕ್ಯಾನ್ ಮಾಡಿಸಿ. ಅಂಚು ಕತ್ತರಿಸುವುದನ್ನೂ ಖಾಲಿ ಪುಟ ಬಿಡುವುದನ್ನೂ ಬಂದ್ ಮಾಡಿಸಿ. ಇಡೀ ಕಡತ ಮತ್ತೆ ಮಾಡಿಸುವ ಅಗತ್ಯವಿಲ್ಲ.

ಪಟ್ಟಿಯಲ್ಲಿ ಪುಟ ಎಣಿಸಬೇಡಿ, ಕೊರತೆ ಎಣಿಸಿ. ಒಂದೇ ಪುಟದಲ್ಲಿ ಸೀಲೂ ಇಲ್ಲ, ಎರಡು ತಿದ್ದುಪಡಿಗೆ ಇನಿಶಿಯಲ್ಲೂ ಇಲ್ಲ ಅಂದರೆ ಅದು ಮೂರು ಸಾಲು. ಪ್ರತಿ ಸಾಲಿನಲ್ಲಿ ಪಿಡಿಎಫ್ ಪುಟ ಎಷ್ಟನೆಯದು, ಹಾಳೆಯ ಮೇಲಿನ ಸಂಖ್ಯೆ ಎಷ್ಟು, ಏನು ಇಲ್ಲ, ಎಲ್ಲಿ, ಯಾರು ಹಾಕಬೇಕಿತ್ತು, ಮೂಲ ಹಾಳೆ ನೋಡಿದ್ದೇವೆಯೇ ಅನ್ನುವುದಿರಲಿ. ಉದಾಹರಣೆಗೆ: "ಪಿಡಿಎಫ್ 93, ಹಾಳೆ 88, ತಿದ್ದುಪಡಿಗೆ ಇನಿಶಿಯಲ್ ಇಲ್ಲ, ಮೂರನೇ ಸಾಲಿನ ಉದ್ದದ ಅಂಕಿ, ಜೆಇ, ಮೂಲ ನೋಡಿದೆ." ಎರಡು ಪುಟಸಂಖ್ಯೆ ಯಾಕೆ ಅಂದರೆ, ನೀವು 93 ಅಂತ ಬರೆದರೆ ಆಫೀಸಿನವರು ಹಾಳೆ 93 ತೆಗೆದು "ಇಲ್ಲಿ ಎಲ್ಲಾ ಸರಿ ಇದೆಯಲ್ಲ" ಅಂತ ಪಟ್ಟಿಯನ್ನೇ ವಾಪಸ್ ಕಳಿಸುತ್ತಾರೆ.

ಕಡತದಲ್ಲಿ ಡಿಜಿಟಲ್ ಸಹಿಯ ಪುಟಗಳೂ ಇದ್ದರೆ ಅವನ್ನು ಬೇರೆ ಇಡಿ. ಅದನ್ನು ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡಿದಾಗ ಹೆಸರು, ದಿನಾಂಕದ ಅಕ್ಷರ ಮಾತ್ರ ಉಳಿಯುತ್ತದೆ. ಆ ಸಹಿ ಸರಿಯಿದೆಯೇ ಅಂತ ನೋಡಲು ಮೂಲ ಪಿಡಿಎಫ್ ಬೇಕೇ ಬೇಕು. ಅಂಥ ಪುಟಕ್ಕೆ "ಮೂಲ ಪಿಡಿಎಫ್ ಕೇಳಬೇಕು" ಅಂತ ಬರೆಯಿರಿ.

ಪೆನ್ನಿನ ಸಹಿ ಇದ್ದರೂ ಅದು ಯಾರದ್ದು, ಅಸಲಿಯೇ ಅಂತ ಹೇಳುವುದು ಈ ಪಟ್ಟಿಯ ಕೆಲಸವಲ್ಲ. ಪಟ್ಟಿಯ ತಲೆಗೆ ಅಷ್ಟನ್ನು ಒಂದು ಸಾಲಿನಲ್ಲಿ ಬರೆದುಬಿಡಿ. ಮತ್ತೆ, ಕೊರತೆ ತುಂಬಲು ಬಂದವರು ಹಳೇ ದಿನಾಂಕ ಹಾಕಲು ಹೊರಟರೆ ಒಪ್ಪಬೇಡಿ. ಈಗ ಹಾಕಿದ ಸಹಿಗೆ ಇವತ್ತಿನ ದಿನಾಂಕವೇ ಇರಬೇಕು. ನಿಮ್ಮ ಮೊದಲ ಸ್ಕ್ಯಾನಿನ ಮೇಲೆ ಹೊಸದನ್ನು ಉಳಿಸಬೇಡಿ, ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ.