ಅನುಭವವಿಲ್ಲದವರು ಕ್ಯಾಟಲಾಗ್ ಕೆಲಸಕ್ಕೆ ಕವರ್ ಲೆಟರ್ ಬರೆಯುವುದು ಹೇಗೆ?

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕದವಳು. ಈ ವರ್ಷ ಬಿ.ಕಾಂ. ಮುಗಿಯಿತು. ಮಂಗಳೂರಿನಲ್ಲಿ ಅಡಿಕೆ ಹಾಳೆ ತಟ್ಟೆ, ತೆಂಗಿನ ನಾರಿನ ಸಾಮಾನು ಆನ್‌ಲೈನಲ್ಲಿ ಮಾರುವವರ ಹತ್ತಿರ ಕ್ಯಾಟಲಾಗ್ ಎಕ್ಸಿಕ್ಯೂಟಿವ್ ಕೆಲಸ ಉಂಟಂತೆ. ಕವರ್ ಲೆಟರ್ ಕೇಳಿದ್ದಾರೆ. ಅನುಭವ ಏನೂ ಇಲ್ಲ, ಏನಂತ ಬರೆಯುವುದು?

ಉತ್ತರ: ನಾನು ಕುಂಬಳೆಯವನು, ಇಂಥದೇ ಒಂದು ಕಂಪನಿಯ ಕ್ಯಾಟಲಾಗ್ ವಿಭಾಗದಲ್ಲಿದ್ದೇನೆ. ಹೊಸಬರ ಅರ್ಜಿಗಳು ಮೊದಲು ನನ್ನ ಮೇಜಿಗೇ ಬರುತ್ತವೆ. ಬಹುತೇಕ ಎಲ್ಲದರಲ್ಲೂ ‘ಕಷ್ಟಪಟ್ಟು ದುಡಿಯುವವಳು, ಬೇಗ ಕಲಿಯುವವಳು’ ಎಂದೇ ಇರುತ್ತದೆ. ಅದು ಸುಳ್ಳೆಂದಲ್ಲ, ಆದರೆ ಪರೀಕ್ಷಿಸಿ ನೋಡಲು ನಮಗೆ ದಾರಿಯಿಲ್ಲ. ಸರಕಿನ ಬಗ್ಗೆ ಬಂದ ಮಾಹಿತಿಯಲ್ಲಿ ಒಂದಕ್ಕೊಂದು ತಾಳೆಯಾಗದ್ದನ್ನು ಹಿಡಿದು, ಸರಿ ಯಾವುದೆಂದು ವಿಚಾರಿಸಿ, ಎಕ್ಸೆಲ್ ಶೀಟಿನ ತಕ್ಕ ಕಾಲಮ್ಮಿನಲ್ಲಿ ತುಂಬುವುದೇ ನಮ್ಮ ಕೆಲಸದ ಮುಕ್ಕಾಲು ಪಾಲು. ಅದನ್ನು ಪತ್ರದಲ್ಲೇ ಒಂದು ಸಲ ಮಾಡಿ ತೋರಿಸಿ. ಅನುಭವ ಇಲ್ಲದ್ದಕ್ಕೆ ಬೇರೆ ಸಮಜಾಯಿಷಿ ಬೇಕಾಗುವುದಿಲ್ಲ.

ಬರೆಯುವ ಮೊದಲು ಆ ಕಂಪನಿಯ ಪುಟಗಳನ್ನು ಒಂದು ಗಂಟೆ ಕೂತು ನೋಡಿ. ಅವರದೇ ಬ್ರ್ಯಾಂಡಿನ ಸರಕನ್ನೇ ಆಯ್ದುಕೊಳ್ಳಿ. ದೊಡ್ಡ ಮಾರಾಟ ತಾಣಗಳಲ್ಲಿ ಒಂದೇ ಪುಟಕ್ಕೆ ಹಲವು ಮಾರಾಟಗಾರರು ಸೇರಿಕೊಂಡಿರುತ್ತಾರೆ. ಅಲ್ಲಿನ ಬರಹ ಬೇರೆಯವರದಾಗಿದ್ದರೆ ನೀವು ತೋರಿಸಿದ ತಪ್ಪನ್ನು ತಿದ್ದುವುದು ಇವರ ಕೈಯಲ್ಲಿ ಇರುವುದೇ ಇಲ್ಲ.

ನೋಡುವಾಗ ನಾಲ್ಕು ಜಾಗ ಹೋಲಿಸಿ: ಶೀರ್ಷಿಕೆ, ಚಿತ್ರ, ಚುಕ್ಕಿ ಹಾಕಿ ಬರೆದ ಸಾಲುಗಳು, ಕೆಳಗಿನ ವಿವರದ ಪಟ್ಟಿ. ತಪ್ಪು ಹೆಚ್ಚಾಗಿ ಕಡೆಯದರಲ್ಲಿ ಇರುತ್ತದೆ. ಶೀರ್ಷಿಕೆಯನ್ನು ಎಲ್ಲರೂ ಓದಿ ತಿದ್ದಿರುತ್ತಾರೆ. ಪಟ್ಟಿಯನ್ನು ಯಾರೋ ಹಿಂದಿನ ಸರಕಿನ ಸಾಲಿನಿಂದ ನಕಲು ಮಾಡಿ ಹಾಗೆಯೇ ಬಿಟ್ಟಿರುತ್ತಾರೆ. ಹಾಳೆ ತಟ್ಟೆಯಲ್ಲಿ ಪದೇ ಪದೇ ಕಾಣುವುದು ಅಳತೆಯ ಗೊಂದಲ. ಶೀರ್ಷಿಕೆಯಲ್ಲಿ 10 ಇಂಚು, ಪಟ್ಟಿಯಲ್ಲಿ 10 ಸೆಂಟಿಮೀಟರ್. ಅಳತೆಯ ಅಂಕಿಗೊಂದು ಕಾಲಮ್ಮು, ಇಂಚೋ ಸೆಂಟಿಮೀಟರೋ ಎಂಬ ಮಾನಕ್ಕೆ ಇನ್ನೊಂದು ಕಾಲಮ್ಮು ಇರುವುದರಿಂದ ಹೀಗಾಗುತ್ತದೆ. ಪರಿಣಾಮ ಸಣ್ಣದಲ್ಲ. 10 ಇಂಚಿನ ಊಟದ ತಟ್ಟೆ ಬೇಕೆಂದು ಅಳತೆಯಿಂದ ಸೋಸಿ ಹುಡುಕಿದವರಿಗೆ ಈ ಸರಕು ಕಾಣಿಸದೆ ಹೋಗಬಹುದು, ಚಟ್ನಿಗೆ ಸಣ್ಣ ತಟ್ಟೆ ಹುಡುಕಿದವರಿಗೆ ಕಾಣಿಸಬಹುದು.

ಅಂಥದ್ದೊಂದು ಸಿಕ್ಕಿತು ಎಂದಿಟ್ಟುಕೊಂಡು ಪತ್ರದ ನಡುಭಾಗ ಹೀಗೆ ಬರೆಯಬಹುದು. ಕಳಿಸುವುದು ಇಂಗ್ಲಿಷಲ್ಲೇ, ಇಲ್ಲಿ ಒಕ್ಕಣೆ ಮಾತ್ರ ಕನ್ನಡದಲ್ಲಿ:

> ನಿಮ್ಮ ದುಂಡು ಹಾಳೆ ತಟ್ಟೆಯ 25ರ ಕಟ್ಟಿನ ಪುಟ ನೋಡಿದೆ. ಶೀರ್ಷಿಕೆಯಲ್ಲಿ ವ್ಯಾಸ 10 ಇಂಚು ಎಂದೂ ವಿವರದ ಪಟ್ಟಿಯಲ್ಲಿ 10 ಸೆಂ.ಮೀ. ಎಂದೂ ಇದೆ. 10 ಇಂಚು ಸರಿಯಾಗಿದ್ದರೆ ಪಟ್ಟಿಯಲ್ಲಿ 25.4 ಸೆಂ.ಮೀ. ಬರಬೇಕು. ತಿದ್ದುವ ಮೊದಲು ಗೋದಾಮಿನಲ್ಲಿ ಒಂದು ತಟ್ಟೆಯನ್ನು ಅಳೆದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಜೊತೆಗೆ, 6, 8 ಮತ್ತು 10 ಇಂಚಿನ ತಟ್ಟೆಗಳು ಮೂರು ಬೇರೆ ಪುಟಗಳಲ್ಲಿವೆ. ಅವನ್ನು ಒಂದೇ ಪುಟದಡಿ ಅಳತೆಯ ಆಯ್ಕೆಗಳಾಗಿ ತರಬಹುದು. ಹಾಗೆ ಮಾಡಿದರೆ ಶೀಟು ಹೇಗಿರುತ್ತದೆ ಎಂದು ಮಾದರಿ ತಯಾರಿಸಿ ಲಗತ್ತಿಸಿದ್ದೇನೆ.

‘ಸರಿಯಾಗಿದ್ದರೆ’ ಎಂಬ ಮಾತನ್ನು ಬಿಡಬೇಡಿ. ಸರಕು ನಿಮ್ಮ ಕೈಯಲ್ಲಿಲ್ಲ, ಎರಡರಲ್ಲಿ ಯಾವುದು ನಿಜವೆಂದು ನಿಮಗೆ ಗೊತ್ತಿಲ್ಲ. ಊಹಿಸಿ ತುಂಬುವವರಿಗಿಂತ ಅಳೆದು ನೋಡಿ ಎನ್ನುವವರನ್ನು ನಾನು ಮೊದಲು ಕರೆಯುತ್ತೇನೆ. ಹಾಗೆಯೇ ‘ಚಿತ್ರ ಚೆಂದ ಇಲ್ಲ’, ‘ಬರಹ ಆಕರ್ಷಕವಾಗಿಲ್ಲ’ ಎಂದು ಅಭಿಪ್ರಾಯ ಹೇಳಲು ಹೋಗಬೇಡಿ. ಆ ಚಿತ್ರ ತೆಗೆದವರೇ ನಿಮ್ಮ ಪತ್ರ ಓದುತ್ತಿರಬಹುದು ಮಾರಾಯ್ರೆ.

ವಿರೋಧಾಭಾಸ ಏನೂ ಸಿಗದಿದ್ದರೆ ಬಿಟ್ಟುಹೋದದ್ದನ್ನು ಹುಡುಕಿ. ಪೊಟ್ಟಣದ ಸರಕನ್ನು ಆನ್‌ಲೈನಲ್ಲಿ ಮಾರುವಾಗಲೂ ಎಂಆರ್‌ಪಿ, ಪೊಟ್ಟಣದಲ್ಲಿರುವ ಪ್ರಮಾಣ, ತಯಾರಕರ ಹೆಸರು ವಿಳಾಸ ಮುಂತಾದವನ್ನು ಪುಟದಲ್ಲಿ ತೋರಿಸಬೇಕೆಂದು 2018ರ ಜನವರಿಯಿಂದ ಕಾನೂನು ಮಾಪನದ ನಿಯಮ ಇದೆ. ಇವುಗಳಲ್ಲಿ ಯಾವುದಾದರೂ ಖಾಲಿ ಇದ್ದರೆ ಅದೇ ಸಾಕು. ಇನ್ನೊಂದು, ನಮ್ಮೂರಿನವರಿಗೆ ಸುಲಭವಾಗಿ ಹೊಳೆಯುವಂಥದ್ದು: ಅಡಿಕೆ ಹಾಳೆಯಿಂದ ಒತ್ತಿದ ತಟ್ಟೆಗಳಲ್ಲಿ ಒಂದರ ಬಣ್ಣ, ಗೆರೆ ಇನ್ನೊಂದರಂತೆ ಇರುವುದಿಲ್ಲ. ತೋಟ ನೋಡದ ಗಿರಾಕಿ ಅದನ್ನು ಕಲೆ ಎಂದು ತಿಳಿದು ವಾಪಸು ಕಳಿಸುತ್ತಾನೆ. ‘ಬಣ್ಣ ಮತ್ತು ಗೆರೆಗಳು ತಟ್ಟೆಯಿಂದ ತಟ್ಟೆಗೆ ಬದಲಾಗುವುದು ಸಹಜ’ ಎಂಬ ಸಾಲು ಪುಟದಲ್ಲಿ ಇಲ್ಲದಿದ್ದರೆ ಸೇರಿಸಲು ಸೂಚಿಸಿ. ಅಡಿಕೆ ತೋಟದ ಮನೆಯವರಾಗಿದ್ದರೆ ಅದನ್ನೂ ಅಲ್ಲೇ ಒಂದು ಮಾತಿನಲ್ಲಿ ಹೇಳಬಹುದು.

ಲಗತ್ತಿಸುವ ಶೀಟಿನ ವಿಷಯ. ಮೂರು ಅಳತೆ, ಪ್ರತಿಯೊಂದರಲ್ಲೂ 25 ಮತ್ತು 50ರ ಕಟ್ಟು ಎಂದರೆ ಆರು ಸಾಲು. ಅವುಗಳ ಮೇಲೆ ಗುಂಪಿನ ಹೆಸರಿಗೆ ಒಂದು ಸಾಲು. ಇದನ್ನು ನಮ್ಮಲ್ಲಿ ಪೇರೆಂಟ್ ಎನ್ನುತ್ತೇವೆ, ಕೆಳಗಿನವು ಚೈಲ್ಡ್. ಪೇರೆಂಟ್ ಮಾರಾಟಕ್ಕಿರುವ ವಸ್ತುವಲ್ಲವಾದ್ದರಿಂದ ಅದರ ಬೆಲೆ, ದಾಸ್ತಾನು ಖಾಲಿ ಬಿಡಬೇಕು. ಹೊಸಬರು ಅಲ್ಲೂ ಬೆಲೆ ತುಂಬಿಬಿಡುತ್ತಾರೆ. ಪ್ರತಿ ಚೈಲ್ಡ್‌ಗೆ ಅದನ್ನು ಗುರುತಿಸುವ ಬೇರೆ ಎಸ್‌ಕೆಯು ಸಂಕೇತ ಬೇಕು, ಉದಾಹರಣೆಗೆ:

```
PLT-RD-10-P25
PLT-RD-10-P50
```

ದುಂಡು, 10 ಇಂಚು, 25ರ ಕಟ್ಟು ಎಂಬುದು ಸಂಕೇತ ನೋಡಿದ ಕೂಡಲೇ ತಿಳಿಯಬೇಕು. ಬಾರ್‌ಕೋಡ್ ಸಂಖ್ಯೆಯ ಕಾಲಮ್ಮು ಹಾಕುವುದಾದರೆ ಅದನ್ನು ಮೊದಲೇ ಟೆಕ್ಸ್ಟ್ ಮಾಡಿಡಿ. ಇಲ್ಲದಿದ್ದರೆ 13 ಅಂಕಿಯ ಸಂಖ್ಯೆಯನ್ನು ಎಕ್ಸೆಲ್ `8.90E+12` ಎಂದು ತೋರಿಸುತ್ತದೆ. ಹಾಗೆಯೇ ಸಿಎಸ್‌ವಿಯಾಗಿ ಉಳಿಸಿದರೆ ಹಿಂದಿನ ಅಂಕಿಗಳು ಹೋದವು, ಮತ್ತೆ ತೆರೆದರೂ ಬರುವುದಿಲ್ಲ. ಬಾರ್‌ಕೋಡ್ ಗೊತ್ತಿಲ್ಲದಿದ್ದರೆ ಕಾಲಮ್ಮನ್ನು ಖಾಲಿ ಬಿಡಿ, ಸುಳ್ಳು ಸಂಖ್ಯೆ ತುಂಬಬೇಡಿ. ಎಕ್ಸೆಲ್ ಬರುತ್ತದೆ ಎಂದು ಪತ್ರದಲ್ಲಿ ಬೇರೆಯಾಗಿ ಬರೆಯುವ ಅಗತ್ಯವೂ ಇಲ್ಲ, ಶೀಟೇ ಹೇಳುತ್ತದೆ.

ಉಳಿದದ್ದು ಸುಲಭ. ಮೊದಲ ಎರಡು ಸಾಲಿನಲ್ಲಿ ಯಾವ ಹುದ್ದೆ, ಏನು ಓದಿದ್ದು. ಬಿ.ಕಾಂ. ಆದ್ದರಿಂದ ಜಿಎಸ್‌ಟಿ, ಎಚ್‌ಎಸ್‌ಎನ್ ಸಂಕೇತ ಎಂದರೆ ಏನೆಂದು ಗೊತ್ತು ಎನ್ನಿ, ಆ ಕಾಲಮ್ಮುಗಳೂ ನಮ್ಮ ಶೀಟಿನಲ್ಲಿ ಇರುತ್ತವೆ. ಕೊನೆಯಲ್ಲಿ ಭಾಷೆಗಳನ್ನು ಹೇಳಿ, ಆದರೆ ಬರೀ ಪಟ್ಟಿಯಾಗಿ ಬೇಡ. ಕಾಸರಗೋಡಿನಿಂದ ಸರಕು ಕಳಿಸುವವರ ಚೀಟಿ ಎಷ್ಟೋ ಸಲ ಮಲಯಾಳದಲ್ಲಿರುತ್ತದೆ, ಫೋನು ಮಾಡಿದರೆ ಮಾತು ತುಳುವಿಗೆ ತಿರುಗುತ್ತದೆ. ‘ತಯಾರಕರ ಮಲಯಾಳ, ಕನ್ನಡ ಚೀಟಿಗಳನ್ನು ಓದಿ ಅವರೊಂದಿಗೆ ನೇರ ಮಾತಾಡಿ ವಿವರ ಪಡೆಯಬಲ್ಲೆ’ ಎಂದರೆ ಅದು ಕೆಲಸಕ್ಕೆ ಬರುವ ಅರ್ಹತೆ. ಮಂಗಳೂರಿನಲ್ಲಿ ಮಲಯಾಳ ಓದಲು ಬಾರದ ಅಭ್ಯರ್ಥಿಗಳೇ ಹೆಚ್ಚು.

ಇಡೀ ಪತ್ರ ಒಂದು ಪುಟದ ಒಳಗಿರಲಿ. ಶೀಟನ್ನು ಕೊಂಡಿಯಾಗಿ ಕಳಿಸುವುದಾದರೆ ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ಅನುಮತಿ ಕೊಡದ ಕೊಂಡಿ ಬಂದರೆ, ಅನುಮತಿ ಕೇಳಿ ಕಾಯುವಷ್ಟು ಪುರುಸೊತ್ತು ಇಲ್ಲಿ ಯಾರಿಗೂ ಇಲ್ಲ. ಫೈಲಿಗೆ ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರು ಇಡಿ. ಕಳಿಸುವ ದಿನ ಆ ಪುಟವನ್ನು ಮತ್ತೊಮ್ಮೆ ತೆರೆದು ನೋಡಿ, ಅಷ್ಟರಲ್ಲಿ ಅವರೇ ಅಳತೆ ತಿದ್ದಿದ್ದರೆ ಆ ಪ್ಯಾರಾ ಬದಲಿಸಬೇಕಾಗುತ್ತದೆ.